ಬೇಡ ಅಂದಿದ್ದ ಬಲೂನನ್ನು ಮರುದಿನ ನಾನೇ ಹಾಕಿದೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, 61 ವರ್ಷ. ರಾತ್ರಿ ಎದೆ ಉರಿ ಶುರುವಾಗಿದೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ಮಲಗಿದ್ದಾರೆ. ಶಿವಮೊಗ್ಗಕ್ಕೆ, ನಮ್ಮ ಹತ್ತಿರ ಬಂದಾಗ ಮರುದಿನ ಮಧ್ಯಾಹ್ನ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಬುಡದಲ್ಲೇ ಮುಚ್ಚಿತ್ತು. ಸ್ಟೆಂಟ್ ಹಾಕಿ ತೆರೆದೆವು. ಅಷ್ಟರಲ್ಲಿ ಸ್ನಾಯು ಬಹಳಷ್ಟು ಸತ್ತುಹೋಗಿತ್ತು. ಮೇಲಿನ ಬಿಪಿ 86, ಕೈಕಾಲು ತಣ್ಣಗೆ, ಮೂತ್ರ ಕಡಿಮೆ. ಹೃದಯಕ್ಕೆ ಪಂಪ್ ಮಾಡಲು ಆಗದೆ ಬರುವ ಶಾಕ್ ಇದು.

"ಸರ್, ಬಲೂನ್ ಪಂಪ್ ಹಾಕೋಣ್ವಾ?" ಅಂತ ಜೂನಿಯರ್ ಕೇಳಿದ. ಮಹಾಪಧಮನಿಯೊಳಗೆ ಉಬ್ಬಿ ಕುಗ್ಗಿ ಹೃದಯಕ್ಕೆ ನೆರವಾಗುವ ಸಾಧನ ಅದು. ಬೇಡ ಅಂದೆ. ಹಿಂದೆಲ್ಲ ಇಂಥವರಿಗೆ ಕಣ್ಣು ಮುಚ್ಚಿ ಹಾಕುತ್ತಿದ್ದರು. 2012ರಲ್ಲಿ ಜರ್ಮನಿಯ 600 ರೋಗಿಗಳ ಅಧ್ಯಯನ ಬಂತು. ಬಲೂನ್ ಹಾಕಿದವರಲ್ಲೂ ಹಾಕದವರಲ್ಲೂ 30 ದಿನಗಳ ಸಾವು ಹೆಚ್ಚುಕಡಿಮೆ ಒಂದೇ, 100ಕ್ಕೆ 40ರ ಆಸುಪಾಸು. ಕಾರಣ ಸರಳ. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳಬೇಕು. ಬಲೂನ್ ಕೂಡಿಸಿಕೊಡುವುದು ಜಾಸ್ತಿ ಅಂದರೆ ಒಂದು ಲೀಟರ್. ಸ್ನಾಯುವೇ ಸತ್ತ ಮೇಲೆ ಅಷ್ಟು ಸಾಲುವುದಿಲ್ಲ. ಬಿಪಿ ಏರಿಸುವ ನಾರ್‌ಅಡ್ರಿನಾಲಿನ್ ಹನಿ ಶುರು ಮಾಡಿ ಕಾದೆವು. ರಾತ್ರಿ ಬಿಪಿ 100 ದಾಟಿತು.

ಮರುದಿನ ಬೆಳಿಗ್ಗೆ ಎಲ್ಲ ಬದಲಾಯಿತು. ಬಿಪಿ 74, ಉಸಿರಾಟ ಜೋರು. ಸ್ಟೆಂಟ್ ಕಟ್ಟಿಕೊಂಡಿತಾ ಅಂತ ಇಸಿಜಿ ನೋಡಿದರೆ ಹೊಸ ಬದಲಾವಣೆ ಇಲ್ಲ. ಎದೆಮೂಳೆಯ ಎಡಕ್ಕೆ ಅಂಗೈ ಇಟ್ಟೆ. ಪ್ರತಿ ಬಡಿತಕ್ಕೂ ಕೈ ಕೆಳಗೆ ಬೆಕ್ಕು ಗುರುಗುಟ್ಟಿದ ಹಾಗೆ ನಡುಕ. ಹಿಂದಿನ ದಿನ ಅದು ಇರಲಿಲ್ಲ. ಎಕೋದಲ್ಲಿ ಕಂಡಿತು: ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆ ತುದಿಯಲ್ಲಿ ಹರಿದು ತೂತಾಗಿತ್ತು. ಎಡಗಡೆಯ ರಕ್ತ ಮೈಗೆ ಹೋಗುವ ಬದಲು ತೂತಿನಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿತ್ತು. ತಡವಾಗಿ ಬಂದವರಲ್ಲಿ ಇದು ಹೆಚ್ಚು.

ಈಗ ಬಲೂನ್ ಬೇಕು ಅಂದೆ. ಜೂನಿಯರ್ ನನ್ನ ಮುಖ ನೋಡಿದ. ತಪ್ಪಿಲ್ಲ, ನಿನ್ನೆಯಷ್ಟೇ ಭಾಷಣ ಬಿಗಿದಿದ್ದೆ.

ತೊಡೆಯ ರಕ್ತನಾಳದಿಂದ ಉದ್ದನೆಯ ಬಲೂನನ್ನು ಮಹಾಪಧಮನಿಗೆ ಏರಿಸುತ್ತೇವೆ. ತುದಿ ಎಡಗೈಗೆ ಹೋಗುವ ನಾಳಕ್ಕಿಂತ ಎರಡು ಸೆಂಟಿಮೀಟರ್ ಕೆಳಗಿರಬೇಕು. ಮೇಲೆ ಹೋದರೆ ಎಡಗೈ ನಾಡಿ ಮಾಯ. ಕೆಳಗಿಳಿದರೆ ಕಿಡ್ನಿಯ ನಾಳಕ್ಕೆ ಅಡ್ಡ, ಮೂತ್ರ ನಿಲ್ಲುತ್ತದೆ. ಹೃದಯ ಸಡಿಲಾದಾಗ ಬಲೂನ್ 40 ಮಿಲಿಲೀಟರ್ ಹೀಲಿಯಂ ತುಂಬಿಕೊಂಡು ಉಬ್ಬುತ್ತದೆ, ಹೃದಯದ ಸ್ವಂತ ನಾಳಗಳಿಗೆ ರಕ್ತ ಒತ್ತುತ್ತದೆ. ಹೃದಯ ಹಿಂಡುವುದಕ್ಕೆ ಸ್ವಲ್ಪ ಮುಂಚೆ ತಟ್ಟನೆ ಕುಗ್ಗುತ್ತದೆ. ಆಗ ಮಹಾಪಧಮನಿಯಲ್ಲಿ ಒತ್ತಡ ಇಳಿಯುತ್ತದೆ. ನಮಗೆ ಬೇಕಿದ್ದದ್ದು ಈ ಕುಗ್ಗುವಿಕೆಯೇ. ಮುಂದಿನ ದಾರಿ ಸಲೀಸಾದರೆ ತೂತಿನಿಂದ ಸೋರುವುದು ಕಡಿಮೆ ಆಗುತ್ತದೆ.

ಮೊದಲು ಯಂತ್ರವನ್ನು ಎರಡು ಬಡಿತಕ್ಕೆ ಒಂದು ಸಲ ಉಬ್ಬುವಂತೆ ಇಟ್ಟೆ. ಬಲೂನ್ ಇದ್ದ ಬಡಿತ, ಇಲ್ಲದ ಬಡಿತ ಪರದೆಯ ಮೇಲೆ ಅಕ್ಕಪಕ್ಕ ಕಾಣುತ್ತವೆ. ಕುಗ್ಗಿದ ನಂತರದ ಒತ್ತಡದ ತಳ, ಬಲೂನ್ ಇಲ್ಲದ ಬಡಿತದ ತಳಕ್ಕಿಂತ ಕೆಳಗಿರಬೇಕು. ನಮಗೆ ಮೇಲಿತ್ತು, ಅಂದರೆ ಕುಗ್ಗುವುದು ತಡ. ಹಾಗೇ ಬಿಟ್ಟಿದ್ದರೆ ಸುಸ್ತಾದ ಹೃದಯ ಉಬ್ಬಿದ ಬಲೂನಿಗೆ ಎದುರಾಗಿ ತಳ್ಳಬೇಕಿತ್ತು. ಸಮಯ ಸರಿಪಡಿಸಿ, ಪ್ರತಿ ಬಡಿತಕ್ಕೂ ಹಾಕಿದೆ. ಎರಡು ಗಂಟೆಯಲ್ಲಿ ಮೂತ್ರ ಬರತೊಡಗಿತು.

"ಇದಕ್ಕಿಂತ ದೊಡ್ಡ ಮಿಷನ್ ಇಲ್ವಾ ಡಾಕ್ಟ್ರೇ?" ಅಂತ ಮಗ ಕೇಳಿದರು. ಇದೆ. ಎಡಕೋಣೆಯೊಳಗೇ ಕೂತು ರಕ್ತ ಎಳೆದು ಕೊಡುವ ಇಂಪೆಲ್ಲಾ ಎಂಬ ಪುಟ್ಟ ಪಂಪ್. 2024ರ ಡೇಂಜರ್ ಶಾಕ್ ಅಧ್ಯಯನದಲ್ಲಿ ಅದು 180 ದಿನಗಳ ಸಾವನ್ನು ಶೇ. 58.5ರಿಂದ 45.8ಕ್ಕೆ ಇಳಿಸಿತು. ಆದರೆ ರಕ್ತಸ್ರಾವ, ಕಾಲಿಗೆ ರಕ್ತ ಸಾಲದಿರುವುದು ಜಾಸ್ತಿ. ರಕ್ತವನ್ನು ಹೊರಗೆಳೆದು ಆಮ್ಲಜನಕ ಸೇರಿಸಿ ವಾಪಸ್ ತಳ್ಳುವ ಎಕ್ಮೋ ಯಂತ್ರ ಇಡೀ ಮೈಗೆ ರಕ್ತ ಕೊಡುತ್ತದೆ, ಆದರೆ ಹೃದಯಕ್ಕೆ ಎದುರಾಗಿ ತಳ್ಳುತ್ತದೆ. ನಮ್ಮಲ್ಲಿ ಎರಡೂ ಇರಲಿಲ್ಲ. ತೂತಿಗೆ ತೇಪೆ ಹಾಕುವ ಸರ್ಜನ್ ಇದ್ದದ್ದು ಕರಾವಳಿಯಲ್ಲಿ.

ಬಲೂನ್ ಸಮೇತ ಆಂಬುಲೆನ್ಸ್ ಹತ್ತಿದೆವು. ಆಗುಂಬೆ ಘಾಟಿಯ ತಿರುವುಗಳಲ್ಲಿ ಇಸಿಜಿ ಗೆರೆ ಕುಣಿದು ಯಂತ್ರ ಬಡಿತ ತಪ್ಪಿಸಿಕೊಂಡಿತು. ಒತ್ತಡದ ಗೆರೆಯನ್ನೇ ಆಧಾರ ಮಾಡಿಕೊಳ್ಳುವಂತೆ ಬದಲಿಸಿದೆ. ಎತ್ತರ ಬದಲಾದರೆ ಅನಿಲದ ಗಾತ್ರವೂ ಬದಲಾಗುತ್ತದೆ. ಹಾಗಾಗಿ ಘಾಟಿ ಇಳಿದ ಮೇಲೆ ಹೀಲಿಯಂ ಹೊಸದಾಗಿ ತುಂಬಿಸಿಕೊಂಡೆವು. ಕೊಳವೆಯಲ್ಲಿ ಕಂದು ಪುಡಿ ಕಾಣುತ್ತದಾ ಅಂತ ನರ್ಸ್ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಕಂಡರೆ ಬಲೂನ್ ಒಡೆದಿದೆ ಎಂದರ್ಥ, ತಕ್ಷಣ ನಿಲ್ಲಿಸಿ ತೆಗೆಯಬೇಕು.

ಸರ್ಜನ್ ಅವತ್ತೇ ಕೊಯ್ಯಲಿಲ್ಲ. ಹೊಸದಾಗಿ ಸತ್ತ ಸ್ನಾಯು ನೆಂದ ಕಾಗದದ ಹಾಗೆ, ಹೊಲಿಗೆ ನಿಲ್ಲುವುದಿಲ್ಲ. ಬಲೂನ್ ಮೇಲೆ ಆರು ದಿನ ತಳ್ಳಿದರು, ಆಮೇಲೆ ತೇಪೆ ಹಾಕಿದರು. ಅಷ್ಟು ದಿನ ಕಾಯಲು ಎಲ್ಲರ ದೇಹ ಬಿಡುವುದಿಲ್ಲ. ಇವರದ್ದು ಬಿಟ್ಟಿತು.

ಈಗ ತಪಾಸಣೆಗೆ ಬರುತ್ತಾರೆ. ಬಲೂನ್ ಹೋಗಿದ್ದ ಬಲಗಾಲಿನ ಎರಡು ಬೆರಳು ಇನ್ನೂ ಜೋಮು. ಬಂದಾಗೆಲ್ಲ ಹೃದಯದ ಮಾತು ಬಿಟ್ಟು ಅದನ್ನೇ ಹೇಳುತ್ತಾರೆ.