ಮಮತಾ ಎಂದು ಹೇಳಿಸಲು ಹದಿನೈದು ಸೆಕೆಂಡು

ಮಮತಾ ಅನ್ನಲು ನಮ್ಮಲ್ಲಿ ಯಾರಿಗೂ ನಾಲಿಗೆ ತೊಡರುವುದಿಲ್ಲ. ಅದೇ ಹೆಸರು ಪಾಸ್‌ಪೋರ್ಟಿನಲ್ಲಿ Mamatha ಆಗಿ ಇಂಗ್ಲೆಂಡಿಗೆ ಬಂದರೆ ‘ಮಮಾಥಾ’ ಆಗುತ್ತದೆ. ಇದಕ್ಕೆ ಎರಡು ಕಾರಣ. ದಕ್ಷಿಣದವರಾದ ನಾವು ‘ತ’ಕ್ಕೆ th ಬರೆಯುತ್ತೇವೆ, ಅವರು ಅದನ್ನು ‘ಥಿಂಕ್’ನ ಥ ಎಂದು ಓದುತ್ತಾರೆ. ಜೊತೆಗೆ, ಗುರುತಿಲ್ಲದ ಹೆಸರು a ಯಲ್ಲಿ ಮುಗಿದರೆ ಕೊನೆಯ ಅಕ್ಷರದ ಹಿಂದಿನದಕ್ಕೆ ಒತ್ತು ಕೊಟ್ಟು ಎಳೆಯುವುದು ಅವರ ರೂಢಿ.

ಲಂಡನ್ ಕಚೇರಿಯ ಮೊದಲ ಸೋಮವಾರದ ಮೀಟಿಂಗಿನಲ್ಲಿ ಪರಿಚಯಕ್ಕೆ ಒಂದು ನಿಮಿಷ ಸಿಗುತ್ತದೆ ಎಂದು ಮೊದಲೇ ಗೊತ್ತಿತ್ತು. ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ 110 ಪದ ಹಿಡಿಯುತ್ತದೆ. ಅಷ್ಟೇ ಬರೆದುಕೊಂಡು, ಅದರಲ್ಲಿ 15 ಸೆಕೆಂಡನ್ನು ಹೆಸರಿಗೇ ಎತ್ತಿಟ್ಟೆ.

ಮೊದಲ ಕರಡಿನಲ್ಲಿ ‘ಐಮ್ ಮಮತಾ’ ಎಂದಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ, ಹೆಸರು ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ತಿರುಗಿ ಹೇಳಿ ಅಂದೆ. ‘ಅಮತಾ’ ಅಂದರು. ‘ಐಮ್’ನ ಮಕಾರ ಹೆಸರಿನ ಮಕಾರವನ್ನು ನುಂಗಿಬಿಟ್ಟಿತ್ತು. ಆಮೇಲೆ ‘ಮೈ ನೇಮ್ ಈಸ್’ ಎಂದು ಬದಲಿಸಿ, ಅರ್ಧ ಸೆಕೆಂಡು ಬಿಟ್ಟು ಹೆಸರು ಹೇಳಿದೆ. ಸಕಾರದಲ್ಲಿ ಬಾಯಿ ನಿಂತರೆ ಮುಂದಿನ ಮ ತುಂಡಾಗಿ ಕೇಳುತ್ತದೆ. ನಿಮ್ಮ ಹೆಸರು ಸಕಾರದಿಂದ ಶುರುವಾದರೆ ಲೆಕ್ಕ ತಿರುಗಾಮುರುಗಾ: ಸವಿತಾಗೆ ‘ಐಮ್’ ವಾಸಿ.

ಇನ್ನು ನೆನಪಿನ ಕೊಂಡಿ. ‘ಪ್ರೀತಿ, ವಾತ್ಸಲ್ಯ ಎಂದು ಅರ್ಥ’ ಅಂದರೆ ತಲೆ ಆಡಿಸುತ್ತಾರೆ, ಆದರೆ ಅರ್ಥದಿಂದ ಉಚ್ಚಾರ ಬರುವುದಿಲ್ಲ. ಅವರ ಬಾಯಲ್ಲಿ ಆಗಲೇ ಓಡಾಡುತ್ತಿರುವ ಪದಗಳೇ ಬೇಕು. ‘ಮಮ್ ಅಟ್ ಅ ವೆಡ್ಡಿಂಗ್’ ಎಂದು ಇಂಗ್ಲಿಷಿನವರು ಬೇಗ ಹೇಳಿದಾಗ ಮೊದಲ ಮೂರು ಪದ ಕೂಡಿಕೊಂಡು ‘ಮಮಟ’ ಆಗುತ್ತದೆ. ಒತ್ತು ತಾನಾಗಿ ಮೊದಲ ಅಕ್ಷರಕ್ಕೆ ಬೀಳುತ್ತದೆ. ತ ಹೋಗಿ ಟ ಬಂತಲ್ಲ ಅನ್ನಬೇಡಿ. ನಾಲಿಗೆಯನ್ನು ಹಲ್ಲಿಗೆ ತಾಗಿಸುವ ನಮ್ಮ ತ ಅವರ ಭಾಷೆಯಲ್ಲಿಲ್ಲ, ಅದನ್ನು ಕಲಿಸಲು ಹೊರಟರೆ ಮೀಟಿಂಗು ಅಲ್ಲೇ ಮುಗಿಯುತ್ತದೆ. ಒತ್ತು ಸರಿಯಿದ್ದರೆ ಕಿವಿಗೆ ಅದು ನನ್ನ ಹೆಸರೇ.

ಕೊನೆಗೆ ಆಡಿದ್ದು ಹೀಗೆ:

‘ಗುಡ್ ಮಾರ್ನಿಂಗ್ ಎವ್ರಿವನ್. ಮೈ ನೇಮ್ ಈಸ್... ಮಮತಾ. ಸೇ “ಮಮ್ ಅಟ್ ಅ ವೆಡ್ಡಿಂಗ್” ಕ್ವಿಕ್ಲಿ, ದೆನ್ ಡ್ರಾಪ್ ದ ವೆಡ್ಡಿಂಗ್. ದಿ ಎಚ್ ಈಸ್ ಸೈಲೆಂಟ್.’

ಇಲ್ಲಿ ಮೂರು ಸೆಕೆಂಡು ಸುಮ್ಮನಿದ್ದೆ. ಜನ ಗೊಣಗಿಕೊಂಡು ಹೇಳಿ ನೋಡುತ್ತಾರೆ, ಅದಕ್ಕೆ ಜಾಗ ಬೇಕು. ಆಮೇಲೆ ಉಳಿದದ್ದು: ಔಟ್‌ಲುಕ್‌ನಲ್ಲಿ ಕಾಣುವ ಕೊನೆಯ ಹೆಸರು ನನ್ನ ತಂದೆಯದು, ಆ ಹೆಸರಿನಿಂದ ಕರೆದರೆ ನಾನು ತಿರುಗಿ ನೋಡುವುದಿಲ್ಲ, ಬೆಂಗಳೂರಿನಲ್ಲಿ ಆರು ವರ್ಷ ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೇನೆ, ಇಲ್ಲಿ ರೀಫಂಡ್ ಭಾಗ ನೋಡಿಕೊಳ್ಳುತ್ತೇನೆ, ಈ ವಾರ ನಿಮ್ಮಲ್ಲಿ ಒಬ್ಬೊಬ್ಬರ ಪಕ್ಕ ಅರ್ಧ ಗಂಟೆ ಕೂತು ಕೆಲಸ ನೋಡಬೇಕು. ಮುಗಿಸುವಾಗ, ‘ಮೂರನೇ ಸಲ ಕೇಳಿದರೂ ಬೇಸರವಿಲ್ಲ, ಕೇಳಿ. ಮಮತಾ.’ ಕೊನೆಯ ಪದ ಹೆಸರೇ ಆಗಿರಲಿ.

ಹೆಸರನ್ನು ‘ಗುಡ್ ಮಾರ್ನಿಂಗ್’ಗಿಂತ ಮೊದಲು ಹಾಕಬಾರದು. ಮೊದಲ ಒಂದೆರಡು ಸೆಕೆಂಡು ಕೇಳುವವರ ಕಿವಿ ನಮ್ಮ ದನಿಗೆ ಹೊಂದಿಕೊಳ್ಳುತ್ತಿರುತ್ತದೆ, ಆಗ ಹೇಳಿದ್ದು ದಕ್ಕುವುದಿಲ್ಲ. ‘ಕಷ್ಟದ ಹೆಸರು, ಕ್ಷಮಿಸಿ’ ಅನ್ನುವುದೂ ಬೇಡ, ‘ಹೇಗೆ ಬೇಕಾದರೂ ಕರೆಯಿರಿ’ ಅನ್ನುವುದಂತೂ ಬೇಡವೇ ಬೇಡ. ಆ ಉದಾರತೆಯನ್ನು ಜನ ನಿಜವೆಂದೇ ತಗೊಳ್ಳುತ್ತಾರೆ, ತಿಂಗಳೊಳಗೆ ನಾಲ್ಕು ಹೆಸರು ಅಂಟಿರುತ್ತವೆ.

ಭಾಷಣಕ್ಕೆ ಬಾರದವರಿಗಾಗಿ ಇಮೇಲ್ ಸಹಿಯಲ್ಲಿ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದೆ:

```
Mamatha (MUM-uh-tah)
```

ಕ್ಯಾಪಿಟಲ್ ಅಕ್ಷರದಲ್ಲಿರುವ MUM ಒತ್ತಿನ ಜಾಗ. ಲಿಂಕ್ಡ್‌ಇನ್‌ನ ಮೊಬೈಲ್ ಆ್ಯಪಿನಲ್ಲಿ ಹೆಸರನ್ನು ನಮ್ಮದೇ ದನಿಯಲ್ಲಿ 10 ಸೆಕೆಂಡಿನೊಳಗೆ ರೆಕಾರ್ಡ್ ಮಾಡಿ ಇಡಲೂ ಬರುತ್ತದೆ. ಯಾರಾದರೂ ಎದುರಿಗೇ ತಪ್ಪಿದರೆ ಆ ಕ್ಷಣದಲ್ಲೇ ‘ಮಮತಾ’ ಅಂದು ಮಾತು ಮುಂದುವರಿಸಿದೆ, ವಿವರಣೆ ಕೊಡಲಿಲ್ಲ. ಎರಡು ವಾರ ಬಿಟ್ಟು ತಿದ್ದಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವರೇ ಮುಜುಗರಪಡುತ್ತಾರೆ.

ಈ ಕೊಂಡಿ ಎಲ್ಲ ಊರಿಗೂ ಆಗುವುದಿಲ್ಲ. ಜರ್ಮನಿಯಲ್ಲಿ th ಎಂದರೆ ಬರೀ ಟ, ಹಾಗಾಗಿ h ಬಗ್ಗೆ ಹೇಳುವ ಅಗತ್ಯವೇ ಇಲ್ಲ. ಅಮೆರಿಕದವರು ‘ಮಾಮ್’ ಅನ್ನುವವರು, ಸಾಲದ್ದಕ್ಕೆ ಎರಡು ಸ್ವರಗಳ ನಡುವಿನ ಟ ಅವರಲ್ಲಿ ಡಕಾರದ ಹತ್ತಿರ ಹೋಗುತ್ತದೆ. ಇಂಗ್ಲೆಂಡಿನ ಉತ್ತರದಲ್ಲಿ ‘ಮಮ್’ ಎಂಬುದೇ ‘ಮುಮ್’. ನಮ್ಮ ಮ್ಯಾಂಚೆಸ್ಟರ್ ಕಚೇರಿಯವರು ವಿಡಿಯೋ ಕಾಲಿನಲ್ಲಿ ‘ಮುಮತಾ’ ಅಂದರು. ಒತ್ತು ಸರಿಯಿತ್ತು, ತಿದ್ದಲಿಲ್ಲ.