ಮಧುಚಂದ್ರದ ಪ್ಯಾಕೇಜ್ ಪತ್ರ: ಯಾವ ಊಟದಿಂದ ಶುರು, ಕಾರು ಎಲ್ಲಿಯವರೆಗೆ?

ಮದುವೆಯ ಮುಹೂರ್ತಗಳು ಶುರುವಾದವೆಂದರೆ ಕೊಡಗಿನ ಹೋಂಸ್ಟೇಗಳ ಮೊಬೈಲಿಗೆ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ: ‘ಎರಡು ರಾತ್ರಿಗೆ ಹನಿಮೂನ್ ಪ್ಯಾಕೇಜ್ ಎಷ್ಟು?’ ಹೆಚ್ಚಿನವರು ಒಂದು ಮೊತ್ತ, ನಾಲ್ಕು ಫೋಟೊ, ‘ಊಟ, ವಸತಿ, ಓಡಾಟ ಎಲ್ಲ ಸೇರಿ’ ಎಂಬ ಒಂದು ಸಾಲು ಕಳುಹಿಸಿ ಸುಮ್ಮನಾಗುತ್ತಾರೆ. ಮುಂದಿನ ಮನಸ್ತಾಪಗಳೆಲ್ಲ ಹುಟ್ಟುವುದು ಆ ‘ಎಲ್ಲ ಸೇರಿ’ ಎಂಬ ಮಾತಿನಿಂದಲೇ.

ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನೂ ಒಂದು ಪತ್ರದಲ್ಲಿ ‘ಊಟ ಸಹಿತ’ ಎಂದಷ್ಟೇ ಬರೆದಿದ್ದೆ. ದಂಪತಿ ಮಧ್ಯಾಹ್ನ ಎರಡೂವರೆಗೆ ಬಂದಿಳಿದರು. ನಾನು ಲೆಕ್ಕ ಹಾಕಿದ್ದು ರಾತ್ರಿಯ ಊಟದಿಂದ, ಅವರು ನಂಬಿ ಬಂದದ್ದು ಮಧ್ಯಾಹ್ನದ ಊಟದಿಂದ. ಅಡುಗೆಯವರು ಮನೆಗೆ ಹೋಗಿದ್ದರು. ಕೈಯ ಮದರಂಗಿ ಇನ್ನೂ ಮಾಸದ ಆ ಹುಡುಗಿ ಹಸಿದು ಜಗಲಿಯಲ್ಲಿ ಕುಳಿತಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ಪತ್ರದಲ್ಲಿ ಪ್ರತಿಯೊಂದು ಊಟವನ್ನೂ ಎಣಿಸಿಯೇ ಬರೆಯುತ್ತೇನೆ.

ಪತ್ರ ಬರೆಯುವ ಕ್ರಮವನ್ನು ಒಂದು ಉದಾಹರಣೆಯ ಮೂಲಕವೇ ನೋಡೋಣ. ಧಾರವಾಡದ ದಂಪತಿ, ಇಬ್ಬರೂ ಸಸ್ಯಾಹಾರಿಗಳು. ಜನವರಿಯ ಕೊನೆಯ ವಾರದಲ್ಲಿ ರಾತ್ರಿಯ ರೈಲು ಹತ್ತಿ ಬೆಳಿಗ್ಗೆ ಮೈಸೂರಿನಲ್ಲಿ ಇಳಿಯುತ್ತಾರೆ. ಸಿದ್ದಾಪುರದ ಕಡೆಯ ಕಾಫಿ ತೋಟದ ಮನೆಯಲ್ಲಿ ಎರಡು ರಾತ್ರಿ ತಂಗಿ, ಮೂರನೆಯ ದಿನ ಸಂಜೆ ಮೈಸೂರಿನಿಂದಲೇ ರೈಲಿನಲ್ಲಿ ಹಿಂದಿರುಗುತ್ತಾರೆ. ಕೊಡಗಿನೊಳಗೆ ರೈಲು ಮಾರ್ಗವಿಲ್ಲದ ಕಾರಣ ಇಂಥವರಿಗೆ ಮೈಸೂರೇ ಬಾಗಿಲು.

ಮೊದಲು ಐದು ಪ್ರಶ್ನೆ

ಪತ್ರಕ್ಕೆ ಕೈ ಹಾಕುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಬೇಕು: ಎಷ್ಟು ಗಂಟೆಗೆ, ಎಲ್ಲಿ ಇಳಿಯುತ್ತೀರಿ? ಹಿಂದಿರುಗುವ ರೈಲು ಎಷ್ಟು ಹೊತ್ತಿಗೆ? ಊಟ ಸಸ್ಯಾಹಾರವೇ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿ ಆಗುತ್ತದೆಯೇ? ಮೆಟ್ಟಿಲು ಹತ್ತುವುದಕ್ಕೆ, ಜೀಪಿನ ಕುಲುಕಾಟಕ್ಕೆ ಅಡ್ಡಿಯಿದೆಯೇ? ಮದುವೆಯಾಗಿ ಎಷ್ಟು ದಿನವಾಗಿರುತ್ತದೆ? ಕೊನೆಯ ಪ್ರಶ್ನೆ ಕುತೂಹಲದ್ದಲ್ಲ. ಮದುವೆ, ಬೀಗರ ಔತಣ ಮುಗಿಸಿ ಮರುದಿನವೇ ರೈಲು ಹತ್ತಿದವರು ಮೊದಲ ದಿನ ಏನನ್ನೂ ನೋಡಲಾರರು. ಅವರಿಗೆ ನಿದ್ರೆ ಬೇಕಾಗಿರುತ್ತದೆ. ಆ ದಿನಕ್ಕೆ ನಾಲ್ಕು ಜಾಗ ತುರುಕಿದ ಪತ್ರ ನೋಡಲಷ್ಟೇ ಚೆಂದ.

ವಸತಿ

‘ಸುಂದರ ಕಾಟೇಜ್’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಕೋಣೆಯ ಹೆಸರು ಅಥವಾ ಸಂಖ್ಯೆ, ಮಂಚದ ಅಳತೆ, ಸ್ನಾನದ ಮನೆ ಕೋಣೆಗೆ ಹೊಂದಿಕೊಂಡಿದೆಯೇ, ಪಕ್ಕದ ಕೋಣೆಯಲ್ಲಿ ಬೇರೆ ಅತಿಥಿಗಳಿರುತ್ತಾರೆಯೇ ಎಂಬುದನ್ನು ಬರೆಯಿರಿ. ನವದಂಪತಿಗೆ ಕೊನೆಯದೇ ಬಹಳ ಮುಖ್ಯ, ಆದರೆ ಬಾಯಿಬಿಟ್ಟು ಕೇಳಲು ಸಂಕೋಚ. ನೀವೇ ಹೇಳಿಬಿಡಿ. ಬಿಸಿನೀರು ಸೌದೆ ಒಲೆಯ ಹಂಡೆಯದಾದರೆ ಯಾವ ಹೊತ್ತಿಗೆ ಸಿಗುತ್ತದೆ ಎಂದು ತಿಳಿಸಿ. ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಇಲ್ಲ ಎನ್ನಿ. ಮಗಳು ಸುಖವಾಗಿ ತಲುಪಿದಳೇ ಎಂದು ತಾಯಿ ಅಲ್ಲಿ ಕಾಯುತ್ತಿರುತ್ತಾರೆ, ಮನೆಯ ಸ್ಥಿರ ದೂರವಾಣಿ ಇದ್ದರೆ ಆ ಸಂಖ್ಯೆ ಕೊಡಿ. ಕೋಣೆ ಸಿಗುವ ಮತ್ತು ಬಿಡಬೇಕಾದ ಹೊತ್ತನ್ನು ಗಂಟೆಯಲ್ಲಿ ಬರೆಯಬೇಕು: ಮಧ್ಯಾಹ್ನ 1ಕ್ಕೆ ಪ್ರವೇಶ, ಮೂರನೆಯ ದಿನ ಬೆಳಿಗ್ಗೆ 11ಕ್ಕೆ ನಿರ್ಗಮನ. ಇಬ್ಬರೂ ಗುರುತಿನ ಚೀಟಿ ತರಬೇಕೆಂಬ ಒಂದು ಸಾಲೂ ಇರಲಿ. ಹುಡುಗಿಯ ಚೀಟಿಯಲ್ಲಿ ತವರಿನ ವಿಳಾಸವಿದ್ದರೂ ಸರಿಯೇ ಎಂದು ಸೇರಿಸಿದರೆ ಅವರ ಆತಂಕ ಕಳೆಯುತ್ತದೆ.

ಊಟ

ಈ ವ್ಯವಹಾರದಲ್ಲಿ ಮೂರು ಸಂಕ್ಷೇಪಗಳು ಓಡಾಡುತ್ತವೆ. ಕೋಣೆಯ ಜೊತೆ ಬೆಳಗಿನ ತಿಂಡಿ ಮಾತ್ರ ಇದ್ದರೆ ಸಿ.ಪಿ.; ತಿಂಡಿ ಮತ್ತು ಒಂದು ಊಟವಿದ್ದರೆ ಎಂ.ಎ.ಪಿ.; ತಿಂಡಿ ಮತ್ತು ಎರಡು ಊಟವಿದ್ದರೆ ಎ.ಪಿ. ಬುಕಿಂಗ್ ಏಜೆಂಟರಿಗೆ ಇದು ಸಾಕು. ದಂಪತಿಗೆ ಬರೆಯುವಾಗ ಬಿಡಿಸಿಯೇ ಬರೆಯಬೇಕು. ನಮ್ಮ ಉದಾಹರಣೆ ಎಂ.ಎ.ಪಿ. ಲೆಕ್ಕದ್ದು. ಪತ್ರದ ಸಾಲು ಹೀಗಿರಲಿ: ‘ಮೊದಲ ದಿನ ರಾತ್ರಿ ಊಟ, ಎರಡನೆಯ ದಿನ ಬೆಳಗಿನ ತಿಂಡಿ, ರಾತ್ರಿ ಊಟ, ಮೂರನೆಯ ದಿನ ಬೆಳಗಿನ ತಿಂಡಿ. ಒಟ್ಟು ಎರಡು ತಿಂಡಿ, ಎರಡು ಊಟ. ಮಧ್ಯಾಹ್ನದ ಊಟ ಸೇರಿಲ್ಲ. ಮೊದಲ ದಿನ ಮಧ್ಯಾಹ್ನ ಮನೆಯಲ್ಲಿಯೇ ಊಟ ಬೇಕಿದ್ದರೆ ಹಿಂದಿನ ಸಂಜೆ ತಿಳಿಸಿ, ಇಬ್ಬರಿಗೆ 600 ರೂ.’

ತಿನಿಸುಗಳ ವಿಷಯದಲ್ಲಿ ಕೊಡಗಿನವರು ಒಂದನ್ನು ಮರೆಯುತ್ತಾರೆ. ನಮಗೆ ಕಡಂಬುಟ್ಟು ಎಂದ ಕೂಡಲೇ ಪಂದಿಕರಿ ನೆನಪಾಗುತ್ತದೆ, ಪತ್ರದಲ್ಲಿಯೂ ಹೆಮ್ಮೆಯಿಂದ ಬರೆದುಬಿಡುತ್ತೇವೆ. ಸಸ್ಯಾಹಾರಿಗೆ ಅದು ಹಸಿವನ್ನೇ ಕೊಲ್ಲುವ ಸಾಲು. ಧಾರವಾಡದವರಿಗೆ ಬರೆಯುವ ಪತ್ರದಲ್ಲಿ ಅಕ್ಕಿ ರೊಟ್ಟಿ, ನೂಪುಟ್ಟು, ತರಕಾರಿ ಪಲ್ಯ ಎಂದು ಅವರು ತಿನ್ನುವುದನ್ನೇ ಹೆಸರಿಸಿ. ಒಂದೇ ಅಡುಗೆಮನೆಯಲ್ಲಿ ಮಾಂಸವೂ ಬೇಯುತ್ತದೆ ಎಂದಾದರೆ ಅದನ್ನೂ, ಪಾತ್ರೆಗಳು ಬೇರೆ ಇವೆಯೇ ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ಕೆಲವರು ಅಷ್ಟಕ್ಕೇ ಬೇರೆ ಕಡೆ ಹೋಗುತ್ತಾರೆ. ಹೋಗಲಿ, ಬಂದ ಮೇಲೆ ಗೊತ್ತಾಗಿ ಉಪವಾಸ ಇರುವುದಕ್ಕಿಂತ ಅದು ಮೇಲು.

ಕಾರು

ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಕರೆತಂದು ಬಿಡುವುದು ಬೇರೆ, ಕಾರು ದಿನವಿಡೀ ಜೊತೆಗಿರುವುದು ಬೇರೆ. ‘ಪಿಕಪ್ ಡ್ರಾಪ್’ ಎಂದು ಓದಿದವರು ದಾರಿಯಲ್ಲಿ ಬೈಲಕುಪ್ಪೆಯ ಸ್ವರ್ಣ ದೇವಾಲಯಕ್ಕೂ ಹೋಗಬಹುದೆಂದು ತಿಳಿಯುತ್ತಾರೆ. ಚಾಲಕ ಕಾಯುವುದಕ್ಕೆ ಹಣ ಕೇಳುತ್ತಾನೆ. ಆದ್ದರಿಂದ ಕಾರು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಹೆಸರು ಹಿಡಿದು ಬರೆಯಬೇಕು. ಚಾಲಕನ ಬಾಟಾ, ಟೋಲ್, ಪಾರ್ಕಿಂಗ್ ಒಳಗೋ ಹೊರಗೋ ಎಂಬುದೂ ಇರಬೇಕು.

ಇನ್ನು ಜಾಗಗಳ ಹೊಂದಿಕೆ. ದುಬಾರೆಯಲ್ಲಿ ಆನೆಗಳನ್ನು ನದಿಗಿಳಿಸಿ ಸ್ನಾನ ಮಾಡಿಸುವುದು ಬೆಳಗಿನ ಹೊತ್ತು. ಮೈಸೂರಿನಿಂದ ಬರುವ ದಾರಿಯಲ್ಲೇ ಇದೆ ಎಂದು ಮೊದಲ ದಿನಕ್ಕೆ ಹಾಕಿದರೆ ತಲುಪುವಷ್ಟರಲ್ಲಿ ಸ್ನಾನ ಮುಗಿದಿರುತ್ತದೆ. ಅದನ್ನು ಮೂರನೆಯ ದಿನದ ಬೆಳಿಗ್ಗೆಗೆ ಇಟ್ಟರೆ ಸಿದ್ದಾಪುರದ ಕಡೆಯಿಂದ ಹತ್ತಿರ, ಹಾಗೆಯೇ ಮೈಸೂರಿಗೆ ಹೊರಡಬಹುದು. ಮೊದಲ ದಿನಕ್ಕೆ ಬೈಲಕುಪ್ಪೆ ಒಂದೇ ಸಾಕು. ಎರಡನೆಯ ದಿನ ಮಡಿಕೇರಿಯ ಅಬ್ಬಿ ಜಲಪಾತ, ಕೋಟೆ, ರಾಜಾಸೀಟ್.

ಈ ರಾಜಾಸೀಟಿನಲ್ಲಿಯೇ ತೊಡಕು. ಎಲ್ಲರಿಗೂ ಅಲ್ಲಿ ಸೂರ್ಯಾಸ್ತ ಬೇಕು. ಸೂರ್ಯ ಮುಳುಗಿದ ಮೇಲೆ ಹೊರಟರೆ ಸಿದ್ದಾಪುರದ ತೋಟದ ದಾರಿ ಹಿಡಿಯುವಾಗ ಕತ್ತಲೆ, ಮತ್ತು ಅಲ್ಲಿ ಕಾಡಾನೆಗಳು ರಸ್ತೆಗಿಳಿಯುತ್ತವೆ. ಆ ಭಾಗದ ಕಾರ್ಮಿಕರೇ ಕತ್ತಲಾದ ಮೇಲೆ ಒಂಟಿಯಾಗಿ ನಡೆಯುವುದಿಲ್ಲ. ನಾನು ಪತ್ರದಲ್ಲಿ ಹೀಗೆ ಬರೆಯುತ್ತೇನೆ: ‘ರಾಜಾಸೀಟಿನಿಂದ ಸಂಜೆ 4.30ಕ್ಕೆ ಹೊರಡಲಾಗುವುದು. ಕಾಡಾನೆಗಳ ಓಡಾಟವಿರುವುದರಿಂದ ಸಂಜೆ 6ರ ನಂತರ ತೋಟದ ದಾರಿಯಲ್ಲಿ ವಾಹನ ಓಡುವುದಿಲ್ಲ. ಸೂರ್ಯಾಸ್ತ ಸೇರಿಲ್ಲ.’ ಸೂರ್ಯಾಸ್ತವೇ ಬೇಕೆನ್ನುವವರಿಗೆ ಮಡಿಕೇರಿ ಪೇಟೆಯ ಹತ್ತಿರದ ಮನೆಯನ್ನು ಸೂಚಿಸುವುದು ಪ್ರಾಮಾಣಿಕ ದಾರಿ.

ತೋಟದ ಗೇಟಿನಿಂದ ಮನೆಯವರೆಗಿನ ಮಣ್ಣುದಾರಿಯನ್ನೂ ಮರೆಯಬೇಡಿ. ಬಾಡಿಗೆ ಕಾರಿನ ತಳ ತಾಗುವಂತಿದ್ದರೆ ಗೇಟಿನಿಂದ ನಿಮ್ಮ ಜೀಪು ಬರುತ್ತದೆ ಎಂದೂ, ಅದಕ್ಕೆ ಹಣವಿಲ್ಲ ಎಂದೂ ಸೇರಿಸಿ.

ಮಧುಚಂದ್ರದ ವಿಶೇಷಗಳು

ಹೂವಿನ ಹಾಸಿಗೆ ಯಾವ ರಾತ್ರಿ? ಒಂದು ರಾತ್ರಿಯೋ ಎರಡೋ? ದಣಿದು ಬಂದ ಮೊದಲ ರಾತ್ರಿಗಿಂತ ಎರಡನೆಯ ರಾತ್ರಿ ಚೆನ್ನ ಎಂಬುದು ನನ್ನ ಅನುಭವ. ಅವರನ್ನೇ ಕೇಳಿ ಬರೆಯಿರಿ. ಮೊಂಬತ್ತಿ ಬೆಳಕಿನ ಊಟ ಪ್ಯಾಕೇಜಿನ ಎರಡು ಊಟಗಳಲ್ಲಿ ಒಂದೋ, ಹೆಚ್ಚುವರಿಯೋ ಎಂಬುದು ಸ್ಪಷ್ಟವಿರಲಿ. ಮಳೆ ಬಂದರೆ ಅಂಗಳದ ಬದಲು ಜಗಲಿಯಲ್ಲಿ ಎಂಬ ಮಾತು ಜನವರಿಯ ಪತ್ರದಲ್ಲಿಯೂ ಇರಲಿ.

ಸೇರದೇ ಇರುವುದು

ಹಲವರು ಇದನ್ನು ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ. ಸೇರಿರುವುದರ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರದಲ್ಲಿ ಇರಬೇಕು. ನಮ್ಮ ಪತ್ರದಲ್ಲಿ: ರೈಲು ಟಿಕೆಟ್, ಮಧ್ಯಾಹ್ನದ ಊಟ, ಪ್ರವೇಶ ಶುಲ್ಕಗಳು, ದುಬಾರೆಯ ದೋಣಿ, ಫೋಟೊಗ್ರಾಫರ್. ಮಾಂದಲಪಟ್ಟಿಯನ್ನು ಪ್ರತ್ಯೇಕವಾಗಿ ಹೆಸರಿಸಿ. ಚಿತ್ರಗಳಲ್ಲಿ ನೋಡಿದವರು ಕೇಳಿಯೇ ಕೇಳುತ್ತಾರೆ. ಆದರೆ ಕಾರು ಅಲ್ಲಿಗೆ ಹತ್ತದು, ಜೀಪನ್ನು ಬೇರೆಯೇ ಬಾಡಿಗೆಗೆ ಹಿಡಿಯಬೇಕು. ತಲಕಾವೇರಿಯೂ ಹಾಗೆ. ಮಡಿಕೇರಿಯಿಂದಲೇ ಸುಮಾರು 45 ಕಿ.ಮೀ. ಇರುವುದರಿಂದ ಎರಡನೆಯ ದಿನದೊಳಗೆ ಕೂರುವುದಿಲ್ಲ. ‘ಬೇಕಿದ್ದರೆ ಒಂದು ರಾತ್ರಿ ಹೆಚ್ಚಿಸಿಕೊಳ್ಳಿ’ ಎಂದು ಕಾರಣ ಸಮೇತ ಬರೆದರೆ ಯಾರೂ ಬೇಸರಿಸುವುದಿಲ್ಲ.

ಹಣ

ಲೆಕ್ಕ ತೋರಿಸಲು ಹಿಡಿದ ಅಂಕಿಗಳು ಇವು, ನಿಮ್ಮ ದರ ಬೇರೆ ಇರಬಹುದು. ತಿಂಡಿ, ರಾತ್ರಿ ಊಟ ಸೇರಿ ಕೋಣೆಗೆ ರಾತ್ರಿಗೆ 6,000ದಂತೆ 12,000 ರೂ. ಮೈಸೂರಿನಿಂದ ಕರೆತರಲು 3,500, ಎರಡನೆಯ ದಿನದ ಓಡಾಟಕ್ಕೆ 3,000, ಹಿಂದಿರುಗಲು 3,500, ಒಟ್ಟು 10,000. ಹೂವಿನ ಅಲಂಕಾರ 1,200, ಮೊಂಬತ್ತಿ ಬೆಳಕಿನ ಊಟಕ್ಕೆ ಹೆಚ್ಚುವರಿ 1,800. ಎಲ್ಲ ಸೇರಿ 25,000 ರೂ. ಪ್ರವಾಸ ಸಂಘಟಕರಾಗಿ ಜಿಎಸ್‌ಟಿ ನೋಂದಣಿ ಇದ್ದವರು ಇದಕ್ಕೆ ಶೇ 5ರಂತೆ 1,250 ಸೇರಿಸಿ 26,250 ಎಂದು ಕೊನೆಯ ಮೊತ್ತವನ್ನೇ ಬರೆಯಬೇಕು. ‘ತೆರಿಗೆ ಪ್ರತ್ಯೇಕ’ ಎಂಬ ಎರಡು ಪದ ಬರೆದು ಕೈಕಟ್ಟಿ ಕುಳಿತರೆ ಬಂದವರಿಗೆ ಮೋಸವಾದಂತೆ ಅನ್ನಿಸುತ್ತದೆ. ಈ ಮೊತ್ತ ಒಬ್ಬರಿಗಲ್ಲ, ಇಬ್ಬರಿಗೂ ಸೇರಿ ಎಂಬುದೂ ಬೇಕು. ಮುಂಗಡ ಎಷ್ಟು, ಉಳಿದದ್ದು ಯಾವಾಗ, ಈ ದರ ಯಾವ ತಾರೀಕಿನವರೆಗೆ ಎಂಬುದನ್ನು ಕೆಳಗೆ ಬರೆಯಿರಿ.

ರದ್ದತಿಯ ನಿಯಮದಲ್ಲಿ ಅವರು ರದ್ದು ಮಾಡಿದರೆ ಏನು ಎಂಬುದಷ್ಟೇ ಇರುತ್ತದೆ. ಪ್ರಯಾಣವೇ ಅಸಾಧ್ಯವಾದರೆ ಏನು ಎಂಬುದು ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಭೂಕುಸಿತಗಳಾಗಿ ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ಯಾಕೇಜ್ ಆದರೆ ‘ರಸ್ತೆ ಮುಚ್ಚಿದರೆ ಅಥವಾ ಜಿಲ್ಲಾಡಳಿತ ನಿರ್ಬಂಧ ಹೇರಿದರೆ ಮುಂಗಡ ಪೂರ್ತಿ ವಾಪಸ್, ಇಲ್ಲವೇ ಬೇರೆ ದಿನಾಂಕ, ಆಯ್ಕೆ ನಿಮ್ಮದು’ ಎಂದು ಬರೆಯಿರಿ. ನದಿ ತುಂಬಿದಾಗ ದುಬಾರೆಯ ದೋಣಿ ನಿಲ್ಲುತ್ತದೆ ಎಂಬುದೂ ಅಲ್ಲಿಯೇ ಇರಲಿ.

ಬರೆದಾದ ಮೇಲೆ ಪತ್ರವನ್ನು ಅಡುಗೆಯವರಿಗೂ ಚಾಲಕನಿಗೂ ಓದಿ ಹೇಳಿ. ‘ಮೊದಲ ದಿನ ನಮ್ಮಲ್ಲಿ ಮೊದಲ ಊಟ ಯಾವುದು?’, ‘ಎರಡನೆಯ ದಿನ ಸಂಜೆ ಎಷ್ಟಕ್ಕೆ ಹೊರಡಬೇಕು?’ ಎಂದು ಕೇಳಿ. ಇಬ್ಬರೂ ತಡವರಿಸದೆ ಉತ್ತರಿಸಿದರೆ ಕಳುಹಿಸಿ, ‘ಒಪ್ಪಿದ್ದೇವೆ’ ಎಂಬ ಉತ್ತರ ಬರೆಯಿಸಿಕೊಂಡ ನಂತರವೇ ಮುಂಗಡ ಪಡೆಯಿರಿ.