ವೆಬಿನಾರ್ ಮುಗಿದ ಮೇಲೆ ಬರೆಯುವ ಒಕ್ಕಣೆ

ಮೇ ತಿಂಗಳ ಒಂದು ಗುರುವಾರ ಸಂಜೆ. ವಿರಾಜಪೇಟೆ ಸುತ್ತಿನ ನಮ್ಮ ಬೆಳೆಗಾರರ ಗುಂಪು ಕಾಳುಮೆಣಸಿನ ಸೊರಗು ರೋಗದ ಬಗ್ಗೆ ವೆಬಿನಾರ್ ನಡೆಸಿದೆ. ಏಳು ಗಂಟೆಗೆ ಶುರುವಾದದ್ದು ಎಂಟೂಕಾಲಕ್ಕೆ ಮುಗಿದಿದೆ. ಕರೆಂಟು ಹೋಗಿ ಅರ್ಧದಲ್ಲೇ ಕಡಿದುಹೋದವರಿದ್ದಾರೆ, ತೋಟದಿಂದ ಬರುವುದು ತಡವಾಗಿ ಸೇರಲಾಗದವರಿದ್ದಾರೆ. ಇನ್ನು ಹತ್ತು ನಿಮಿಷದಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ರೆಕಾರ್ಡಿಂಗ್ ಎಲ್ಲಿ? ಮುಂದಿನದು ಯಾವಾಗ? ಧನ್ಯವಾದದ ಜೊತೆ ಈ ಎರಡಕ್ಕೂ ಉತ್ತರ ಕೊಡುವ ಪುಟ್ಟ ಒಕ್ಕಣೆಯನ್ನು ಬರೆಯುವ ಕೆಲಸ ನಮ್ಮ ಗುಂಪಿನಲ್ಲಿ ನನ್ನದು. ಅದನ್ನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಲಿಂಕ್, ಆಮೇಲೆ ಮಾತು

ಒಕ್ಕಣೆ ಬರೆಯಲು ಕೂರುವ ಮುನ್ನ ರೆಕಾರ್ಡಿಂಗ್ ಸಿದ್ಧವಾಗಿರಬೇಕು. ಸಭೆ ಮುಗಿದ ಕೂಡಲೇ ವಿಡಿಯೊ ಕೈಗೆ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದರೆ ಅದು ಕಡತವಾಗಿ ಬದಲಾಗಲು ಸ್ವಲ್ಪ ಹೊತ್ತು ಬೇಕು. ಅದನ್ನು ಯೂಟ್ಯೂಬಿಗೆ ಏರಿಸಲು ಇನ್ನಷ್ಟು ಹೊತ್ತು. ಏರಿಸಿದ ಮೇಲೂ ಮೊದಲು ಮಸುಕು ಚಿತ್ರವೇ ಕಾಣುತ್ತದೆ, ಸ್ಪಷ್ಟ ಚಿತ್ರ ಬರುವುದು ಆಮೇಲೆ. ಹೀಗಾಗಿ ಅದೇ ರಾತ್ರಿ ಆತುರಪಡುವುದಕ್ಕಿಂತ ಮರುದಿನ ಬೆಳಿಗ್ಗೆ ಕಳುಹಿಸುವುದೇ ಒಳ್ಳೆಯದು. ರಾತ್ರಿ ‘ಬಂದವರಿಗೆಲ್ಲ ವಂದನೆ, ರೆಕಾರ್ಡಿಂಗ್ ನಾಳೆ ಬೆಳಿಗ್ಗೆ ಹತ್ತರೊಳಗೆ’ ಎಂದು ಒಂದು ಸಾಲು ಹಾಕಿದರೆ ಸಾಕು, ಕೇಳುವವರು ಸಮಾಧಾನದಿಂದ ಕಾಯುತ್ತಾರೆ.

ಯೂಟ್ಯೂಬಿನಲ್ಲಿ ವಿಡಿಯೊವನ್ನು Unlisted ಎಂದು ಇಡುತ್ತೇನೆ. ಆಗ ಅದು ಹುಡುಕಾಟದಲ್ಲಿ ಬರುವುದಿಲ್ಲ, ಲಿಂಕ್ ಇದ್ದವರು ಮಾತ್ರ ನೋಡಬಹುದು. ಆದರೆ ಲಿಂಕ್ ಯಾರ ಕೈಗೂ ದಾಟಬಹುದು, ಅದಕ್ಕೆ ಬೀಗವಿಲ್ಲ. ಆದ್ದರಿಂದ ರೆಕಾರ್ಡಿಂಗಿನಲ್ಲಿ ಯಾರದಾದರೂ ಮೊಬೈಲ್ ಸಂಖ್ಯೆ ಕಾಣುತ್ತದೆಯೇ, ಮೈಕ್ ಆರಿಸಲು ಮರೆತವರ ಮನೆಮಾತು ಕೇಳುತ್ತದೆಯೇ ಎಂದು ಒಮ್ಮೆ ಪೂರ್ತಿ ನೋಡಿಯೇ ತೀರಬೇಕು. ರೆಕಾರ್ಡ್ ಮಾಡುತ್ತಿದ್ದೇವೆ, ಹಂಚುತ್ತೇವೆ ಎಂದು ಸಭೆಯ ಆರಂಭದಲ್ಲೇ ಹೇಳಿರಬೇಕು. ಒಕ್ಕಣೆಯಲ್ಲಿ ಹೇಳಿದರೆ ತಡವಾಯಿತು.

ನಮ್ಮ ರೆಕಾರ್ಡಿಂಗಿನ ಮೊದಲ ಆರು ನಿಮಿಷ ನಲವತ್ತು ಸೆಕೆಂಡು ‘ಕೇಳಿಸುತ್ತಿದೆಯೇ’, ‘ಪರದೆ ಕಾಣುತ್ತಿದೆಯೇ’ ಎಂಬುದರಲ್ಲೇ ಕಳೆದಿತ್ತು. ಅದನ್ನು ಕತ್ತರಿಸಬೇಕು. ವಿಡಿಯೊ ಏರಿಸಿ ಆಗಿದ್ದರೆ ಯೂಟ್ಯೂಬ್ ಸ್ಟುಡಿಯೊದ ಸಂಪಾದಕದಲ್ಲೇ ಕತ್ತರಿಸಿ, ಆಗ ಲಿಂಕ್ ಬದಲಾಗುವುದಿಲ್ಲ. ಅಳಿಸಿ ಮತ್ತೆ ಏರಿಸಿದರೆ ಹೊಸ ಲಿಂಕ್ ಬರುತ್ತದೆ, ಈಗಾಗಲೇ ಹಂಚಿದ ಹಳೆಯದು ಸತ್ತುಹೋಗುತ್ತದೆ. ಒಂದು ಎಚ್ಚರಿಕೆ: ಕತ್ತರಿಸಿದ ಮೇಲೆಯೇ ನಿಮಿಷಗಳನ್ನು ಗುರುತು ಹಾಕಿಕೊಳ್ಳಿ. ನಾನು ಮೊದಲ ಸಲ ಇದನ್ನು ತಿರುವುಮುರುವಾಗಿ ಮಾಡಿದ್ದೆ. 33:55ಕ್ಕೆ ಬಳ್ಳಿಗೆ ಸಿಂಪಡಿಸುವ ಬೋರ್ಡೊ ದ್ರಾವಣದ ಪರೀಕ್ಷೆ ಎಂದು ಬರೆದು, ಆಮೇಲೆ ಮುಂಭಾಗ ಕತ್ತರಿಸಿದೆ. ಪರೀಕ್ಷೆ 27:15ಕ್ಕೆ ಸರಿಯಿತು. ನಂಬಿ ಒತ್ತಿದವರಿಗೆಲ್ಲ ಬೇರೇನೋ ಸಿಕ್ಕಿತು.

ಡ್ರೈವ್‌ನಲ್ಲಿ ಇಡುವುದಾದರೆ ಹಂಚಿಕೆಯನ್ನು ‘Anyone with the link’ ಎಂದು ಬದಲಿಸಲೇಬೇಕು. ಇಲ್ಲದಿದ್ದರೆ ಒತ್ತಿದವರಿಗೆ ಅನುಮತಿ ಕೇಳುವ ಪುಟ ಎದುರಾಗುತ್ತದೆ. ನಮಗೆ ಮಾತ್ರ ವಿಡಿಯೊ ಸಲೀಸಾಗಿ ತೆರೆಯುತ್ತದೆ, ಏಕೆಂದರೆ ಅದು ನಮ್ಮದೇ ಖಾತೆ. ಆದ್ದರಿಂದ ಲಿಂಕನ್ನು ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರ ಮೊಬೈಲಿಗೆ ಕಳುಹಿಸಿ ಒತ್ತಿಸಿ. ನಾನು ಅಮ್ಮನ ಮೊಬೈಲಿನಲ್ಲಿ ನೋಡುತ್ತೇನೆ.

ನಿಮಿಷದ ಗುರುತು

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಸಿಗ್ನಲ್ ಸಿಗುವುದು ತೋಟದ ಗೇಟಿನ ಹತ್ತಿರ, ಇಲ್ಲವೇ ಕಣದ ಒಂದು ಮೂಲೆಯಲ್ಲಿ. ಒಂದು ಗಂಟೆಯ ವಿಡಿಯೊವನ್ನು ಅಲ್ಲಿ ನಿಂತು ನೋಡುವವರು ಯಾರು? ಅವರಿಗೆ ಬೇಕಾದ ನಾಲ್ಕು ನಿಮಿಷಕ್ಕೆ ನೇರವಾಗಿ ಕರೆದೊಯ್ಯಬೇಕು. ಯೂಟ್ಯೂಬ್ ಲಿಂಕಿನ ಕೊನೆಗೆ ಸೆಕೆಂಡುಗಳನ್ನು ಸೇರಿಸಿದರೆ ವಿಡಿಯೊ ಅಲ್ಲಿಂದಲೇ ಶುರುವಾಗುತ್ತದೆ. 27 ನಿಮಿಷ 15 ಸೆಕೆಂಡು ಎಂದರೆ 27ನ್ನು 60ರಿಂದ ಗುಣಿಸಿ 15 ಕೂಡಿಸಬೇಕು, 1635 ಆಗುತ್ತದೆ.

```
https://youtu.be/ABCDEFGHIJK?t=1635
```

ಇಲ್ಲಿರುವ ದೊಡ್ಡಕ್ಷರಗಳ ಜಾಗದಲ್ಲಿ ನಿಮ್ಮ ವಿಡಿಯೊದ ಗುರುತು ಇರುತ್ತದೆ. ಯೂಟ್ಯೂಬ್ ವಿವರಣೆಯಲ್ಲಿ ಬರಿಯ ನಿಮಿಷಗಳನ್ನು ಬರೆದರೂ ಅವು ಒತ್ತುವಂತಾಗುತ್ತವೆ. ವಿಡಿಯೊವನ್ನು ಅಧ್ಯಾಯಗಳಾಗಿ ಒಡೆಯಬೇಕಾದರೆ ಪಟ್ಟಿ 00:00ರಿಂದ ಆರಂಭವಾಗಬೇಕು ಮತ್ತು ಕನಿಷ್ಠ ಮೂರು ಗುರುತುಗಳಿರಬೇಕು. ವಾಟ್ಸಾಪಿನಲ್ಲಿ ಬರಿಯ ನಿಮಿಷ ಬರೆದರೆ ಓದಬಹುದು, ಒತ್ತಲಾಗದು. ಅದಕ್ಕಾಗಿ ಅತಿ ಮುಖ್ಯವಾದ ಒಂದೇ ಗುರುತಿಗೆ ಇಂಥ ಲಿಂಕ್ ಕೊಡುತ್ತೇನೆ. ಹತ್ತು ಲಿಂಕ್ ಕೊಟ್ಟರೆ ಯಾವುದನ್ನು ಒತ್ತಬೇಕೆಂದು ತಿಳಿಯದೆ ಓದುವವರು ಯಾವುದನ್ನೂ ಒತ್ತುವುದಿಲ್ಲ.

ಒಕ್ಕಣೆ

ಈಗ ಬರೆಯೋಣ. ವಾಟ್ಸಾಪ್ ಗುಂಪಿಗೆ ನಾನು ಕಳುಹಿಸಿದ್ದು ಹೀಗಿತ್ತು. ಲಿಂಕ್ ಮಾತ್ರ ಇಲ್ಲಿ ಮಾದರಿಯದು:

*ಮೆಣಸಿನ ಸೊರಗು ರೋಗ: ರೆಕಾರ್ಡಿಂಗ್ ಸಿದ್ಧವಿದೆ*
https://youtu.be/ABCDEFGHIJK

ಮೇ 14ರ ಸಂಜೆ ಜೊತೆಗಿದ್ದ ಎಲ್ಲ ಬೆಳೆಗಾರ ಬಂಧುಗಳಿಗೆ ವಂದನೆಗಳು. ಪ್ರಶ್ನೆಗಳು ಮುಗಿಯುವವರೆಗೂ ಕುಳಿತು ಉತ್ತರಿಸಿದ ನಮ್ಮ ತಜ್ಞರಿಗೆ, ತಮ್ಮ ತೋಟದ ಒಣಗಿದ ಬಳ್ಳಿಯ ಚಿತ್ರ ಕಳುಹಿಸಿದ ಸದಸ್ಯರಿಗೆ ವಿಶೇಷ ವಂದನೆ. ಆ ಚಿತ್ರದಿಂದಲೇ ಚರ್ಚೆ ಶುರುವಾಯಿತು.

ಬೋರ್ಡೊ ದ್ರಾವಣ ಸರಿಯಾಗಿದೆಯೇ ಎಂದು ಬ್ಲೇಡಿನಿಂದ ನೋಡುವ ವಿಧಾನ ಇಲ್ಲಿದೆ:
https://youtu.be/ABCDEFGHIJK?t=1635
ಶೇ 1ರ ದ್ರಾವಣಕ್ಕೆ: ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್.

*ಮುಂದಿನ ವೆಬಿನಾರ್: ಮಳೆಗಾಲಕ್ಕೆ ಮುನ್ನ ತೋಟದ ಬಸಿಗಾಲುವೆ*
ಮೇ 28, 2026, ಗುರುವಾರ, ಸಂಜೆ 7 ಗಂಟೆಗೆ. ಸೇರುವ ಲಿಂಕ್ ಅಂದು ಬೆಳಿಗ್ಗೆ ಇದೇ ಗುಂಪಿಗೆ ಬರುತ್ತದೆ.

ಲಿಂಕ್ ಏಕೆ ಎರಡನೆಯ ಸಾಲಿನಲ್ಲೇ ಇದೆ ಎಂದರೆ, ಒಕ್ಕಣೆ ಉದ್ದವಾದಾಗ ವಾಟ್ಸಾಪ್ ಕೆಳಗಿನದನ್ನು ಮಡಚಿಡುತ್ತದೆ. ಧನ್ಯವಾದದಿಂದ ಶುರುಮಾಡುವುದೇ ಮರ್ಯಾದೆ ಎಂದು ನಮ್ಮ ಹಿರಿಯರೊಬ್ಬರು ಹೇಳಿದ್ದರು. ಅವರ ಮಾತಿಗೆ ಬೆಲೆಯಿದೆ. ಆದರೆ ಸಭೆಗೆ ಬರಲಾಗದವರು ಆ ಧನ್ಯವಾದ ತಮಗಲ್ಲವೆಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ, ರೆಕಾರ್ಡಿಂಗ್ ಬೇಕಾಗಿರುವುದು ಅವರಿಗೇ. ನಕ್ಷತ್ರ ಚಿಹ್ನೆಯ ನಡುವೆ ಬರೆದದ್ದು ವಾಟ್ಸಾಪಿನಲ್ಲಿ ದಪ್ಪಕ್ಷರವಾಗುತ್ತದೆ. ಅದನ್ನು ಈ ಎರಡು ಶೀರ್ಷಿಕೆಗೆ ಮಾತ್ರ ಬಳಸಿದ್ದೇನೆ.

ಲಿಂಕನ್ನು ಒಂಟಿ ಸಾಲಿನಲ್ಲಿ ಬಿಡುವುದಕ್ಕೆ ಕನ್ನಡದ್ದೇ ಆದ ಕಾರಣವೊಂದಿದೆ. ನಾವು ಪ್ರತ್ಯಯ ಅಂಟಿಸಿ ಬರೆಯುವವರು. ಲಿಂಕ್ ಮುಗಿದೊಡನೆ ಜಾಗ ಬಿಡದೆ ‘ನಲ್ಲಿ ನೋಡಿ’ ಎಂದು ಬರೆದರೆ ಆ ‘ನಲ್ಲಿ’ ಕೂಡ ಲಿಂಕಿನ ಭಾಗವಾಗಿಬಿಡಬಹುದು. ಎಲ್ಲವೂ ನೀಲಿಯಾಗಿ ಕಾಣುತ್ತದೆ, ಒತ್ತಿದರೆ ವಿಡಿಯೊ ಇಲ್ಲವೆನ್ನುತ್ತದೆ. ನೀಲಿ ಬಣ್ಣ ಎಲ್ಲಿಗೆ ನಿಲ್ಲುತ್ತದೆ ಎಂದು ಕಣ್ಣಿಟ್ಟು ನೋಡಿದರೆ ತಪ್ಪು ಗೊತ್ತಾಗುತ್ತದೆ.

ಧನ್ಯವಾದದಲ್ಲಿ ಅಂದು ನಡೆದ ಒಂದು ಸಂಗತಿ ಇರಲಿ. ‘ಕಾರ್ಯಕ್ರಮ ಯಶಸ್ವಿಗೊಳಿಸಿದ ಸರ್ವರಿಗೂ’ ಎಂಬುದನ್ನು ಯಾವ ಸಭೆಗಾದರೂ ಅಂಟಿಸಬಹುದು. ಒಣಗಿದ ಬಳ್ಳಿಯ ಚಿತ್ರ ನಮ್ಮ ಸಭೆಯಲ್ಲಿ ಮಾತ್ರ ಇತ್ತು. ಚಿತ್ರ ಕಳುಹಿಸಿದವರ ಹೆಸರು ಹಾಕುವುದಾದರೆ ಕೇಳಿ ಹಾಕಿ. ತನ್ನ ತೋಟದಲ್ಲಿ ರೋಗವಿದೆ ಎಂದು ಊರಿಗೆಲ್ಲ ತಿಳಿಯುವುದು ಎಲ್ಲರಿಗೂ ಇಷ್ಟವಾಗುವುದಿಲ್ಲ. ತಜ್ಞರ ಹೆಸರು, ಹುದ್ದೆಗಳನ್ನು ಮಾತ್ರ ಅವರೇ ಬರೆದು ಕೊಟ್ಟಂತೆ ಪೂರ್ತಿ ಹಾಕಿ.

ಒಕ್ಕಣೆಯಲ್ಲಿ ಅಳತೆ ಏಕೆ ಎಂದು ಕೇಳಬಹುದು. ವಿಡಿಯೊ ತೆರೆಯದ ಮೊಬೈಲಿಗೂ ಆ ಒಂದು ಸಾಲು ತಲುಪುತ್ತದೆ. ಮೇ ಕೊನೆಯೊಳಗೆ ಮೊದಲ ಸಿಂಪಡಣೆ ಮುಗಿಸಬೇಕೆಂದಿರುವವರಿಗೆ ಮಳೆ ಹಿಡಿದ ಮೇಲೆ ಸಿಗುವ ರೆಕಾರ್ಡಿಂಗಿನಿಂದ ಏನೂ ಆಗದು. ಆದರೆ ಅಳತೆ ಬರೆದವನು ಅದನ್ನು ತಜ್ಞರಿಗೆ ತೋರಿಸಿಯೇ ಕಳುಹಿಸಬೇಕು. ಬ್ಲೇಡಿನ ಪರೀಕ್ಷೆಯನ್ನು ನಾನು ಅಕ್ಷರದಲ್ಲಿ ಬರೆಯಲಿಲ್ಲ. ದ್ರಾವಣದಲ್ಲಿ ಅದ್ದಿ ತೆಗೆದ ಬ್ಲೇಡಿನ ಮೇಲೆ ಕಂದುಗೆಂಪು ಲೇಪ ಕೂತರೆ ತಾಮ್ರ ಹೆಚ್ಚಿದೆ, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು ಎಂದಷ್ಟೇ ಹೇಳಬಹುದು. ಆ ಕಂದು ಎಷ್ಟು ಕಂದು ಎಂಬುದನ್ನು ಕಣ್ಣಿಂದಲೇ ನೋಡಬೇಕು.

ಮುಂದಿನ ದಿನಾಂಕ

‘ಮುಂದಿನ ಗುರುವಾರ’ ಎಂದು ಎಂದೂ ಬರೆಯಬೇಡಿ. ಈ ಒಕ್ಕಣೆ ಗುಂಪಿನಿಂದ ಗುಂಪಿಗೆ ಹೋಗುತ್ತದೆ, ನಾಲ್ಕು ದಿನ ಕಳೆದು ಓದಿದವರಿಗೆ ಮುಂದಿನ ಗುರುವಾರ ಬೇರೆಯೇ ಆಗುತ್ತದೆ. ದಿನಾಂಕ, ವಾರ ಎರಡೂ ಇರಲಿ. ಒಂದರಲ್ಲಿ ತಪ್ಪಾದರೆ ಇನ್ನೊಂದು ಅದನ್ನು ಹಿಡಿಯುತ್ತದೆ. ಗಂಟೆಗೆ ‘ಸಂಜೆ’ ಸೇರಿಸಿ. ವರ್ಷವೂ ಇರಲಿ, ಹಳೆಯ ಒಕ್ಕಣೆ ಮರುವರ್ಷದ ಮೇ ತಿಂಗಳಲ್ಲಿ ತಿರುಗಿ ಬಂದರೆ ಗೊಂದಲವಾಗಬಾರದು.

ದಿನ ಆರಿಸುವಾಗ ಕ್ಯಾಲೆಂಡರ್ ಮಾತ್ರ ಸಾಲದು, ಊರನ್ನೂ ನೋಡಬೇಕು. ಮೇ ತಿಂಗಳ ಶನಿವಾರ ಸಂಜೆಯನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಭಾನುವಾರ ಮದುವೆಯಾದರೆ ಶನಿವಾರ ರಾತ್ರಿ ಊರ್‌ಕೂಡುವ. ಅರ್ಧ ಊರು ಅಲ್ಲಿರುವಾಗ ಬಸಿಗಾಲುವೆಯ ಮಾತು ಕೇಳಲು ಯಾರು ಬರುತ್ತಾರೆ?

ಇನ್‌ಸ್ಟಾಗ್ರಾಮಿನಲ್ಲಿ

ಅಲ್ಲಿ ಚಿತ್ರದ ಕೆಳಗಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಲಿಂಕನ್ನು ಖಾತೆಯ ಪರಿಚಯದ ಜಾಗದಲ್ಲಿಟ್ಟು, ಒಕ್ಕಣೆಯಲ್ಲಿ ‘ರೆಕಾರ್ಡಿಂಗಿನ ಲಿಂಕ್ ನಮ್ಮ ಪರಿಚಯ ಪುಟದಲ್ಲಿದೆ’ ಎಂದು ಬರೆಯಿರಿ. ಸ್ಟೋರಿಯಲ್ಲಾದರೆ ಲಿಂಕ್ ಸ್ಟಿಕ್ಕರ್ ಅಂಟಿಸಬಹುದು. ಮುಂದಿನ ದಿನಾಂಕವನ್ನು ಚಿತ್ರದ ಮೇಲೆಯೇ ದೊಡ್ಡದಾಗಿ ಬರೆಯಿರಿ, ಬರಹದಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಹೊರಗೆ ಕಾಣುತ್ತದೆ. ಫೇಸ್‌ಬುಕ್ಕಿನಲ್ಲಿ ಲಿಂಕ್ ತೆರೆಯುತ್ತದೆ, ವಾಟ್ಸಾಪಿನ ಒಕ್ಕಣೆಯನ್ನೇ ನಕ್ಷತ್ರ ಚಿಹ್ನೆ ತೆಗೆದು ಹಾಕಿದರೆ ನಡೆಯುತ್ತದೆ.

ಕಳುಹಿಸಿದ ಮೇಲೆ

ವಾಟ್ಸಾಪಿನಲ್ಲಿ ಕಳುಹಿಸಿದ್ದನ್ನು ತಿದ್ದಲು ಇರುವುದು 15 ನಿಮಿಷ. ಅಷ್ಟರಲ್ಲಿ ಇನ್ನೊಂದು ಮೊಬೈಲಿನಿಂದ ಎರಡೂ ಲಿಂಕ್ ಒತ್ತಿ ನೋಡಿಬಿಡಿ. ಸಮಯ ಮೀರಿ ತಪ್ಪು ಕಂಡರೆ ಹಳೆಯದನ್ನು ಎಲ್ಲರಿಗೂ ಅಳಿಸಿ, ಪೂರ್ತಿ ಒಕ್ಕಣೆಯನ್ನು ಹೊಸದಾಗಿ ಕಳುಹಿಸಿ. ‘ಮೇಲಿನ ಲಿಂಕ್ ತಪ್ಪು, ಇದು ಸರಿ’ ಎಂದು ಬರೆದರೆ ಮುಂದಕ್ಕೆ ಕಳುಹಿಸುವವರು ತಪ್ಪಿದ್ದನ್ನೇ ಕಳುಹಿಸುತ್ತಾರೆ.

ಎಲ್ಲ ಸರಿಯಿದ್ದರೆ ಒಕ್ಕಣೆಯನ್ನು ಗುಂಪಿನ ಮೇಲ್ಭಾಗಕ್ಕೆ ಪಿನ್ ಮಾಡಿ. 24 ಗಂಟೆ, 7 ದಿನ, 30 ದಿನ ಎಂಬ ಮೂರು ಅವಧಿಗಳನ್ನು ಅದು ಕೇಳುತ್ತದೆ. ಮುಂದಿನ ವೆಬಿನಾರಿಗೆ 13 ದಿನವಿರುವುದರಿಂದ ನಾನು 30ನ್ನು ಆರಿಸುತ್ತೇನೆ. ಮೇ 28ರ ಬೆಳಿಗ್ಗೆ ಸೇರುವ ಲಿಂಕ್ ಕಳುಹಿಸುವಾಗ ಅದನ್ನು ಇದೇ ಒಕ್ಕಣೆಗೆ ಉತ್ತರವಾಗಿ ಹಾಕುತ್ತೇನೆ, ಹಿಂದಿನದನ್ನು ನೋಡದವರು ಸಂಜೆಯೊಳಗೆ ಅಲ್ಲಿಂದಲೇ ನೋಡಿಕೊಂಡು ಬರಬಹುದು.